ಚಿತ್ರವೂ ಮಾತೂ ಒಂದೇ ಸಾಲಿನಲ್ಲಿ: ಮಲ್ಟಿಮೋಡಲ್ ಅಂದರೇನು?

(ಹಾಸನದಲ್ಲಿ ಸಾರ್ವಜನಿಕರಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ. ನಡುವೆ ಸಭಿಕರು ಕೇಳಿದ ಪ್ರಶ್ನೆಗಳನ್ನೂ ಸೇರಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಬಹಳ ಜನ ಒಂದಲ್ಲ ಒಂದು ಸಲ ಫೋನಿನಲ್ಲಿ ಫೋಟೊ ತೆಗೆದು, ಚಾಟ್‌ಜಿಪಿಟಿಗೋ ಜೆಮಿನಿಗೋ ಹಾಕಿ, "ಇದೇನು ಹೇಳು" ಅಂತ ಕೇಳಿರುತ್ತೀರಿ. ಕರೆಂಟ್ ಬಿಲ್ಲು, ಗಿಡದ ಎಲೆ, ಮಕ್ಕಳ ಹೋಂವರ್ಕು, ಯಾವುದೋ ಹಳೇ ಪತ್ರ. ಉತ್ತರ ಒಂದೆರಡು ಸೆಕೆಂಡಿನಲ್ಲಿ ಬರುತ್ತದೆ. ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಕೆಲವು ಸಲ ಒಂದು ಅಂಕಿ, ಒಂದು ಹೆಸರು ತಪ್ಪಿರುತ್ತದೆ. ಆದರೆ ತಪ್ಪನ್ನೂ ಸರಿಯನ್ನೂ ಒಂದೇ ಧೈರ್ಯದಲ್ಲಿ ಹೇಳಿರುತ್ತದೆ. ಆ ಒಂದೆರಡು ಸೆಕೆಂಡಿನಲ್ಲಿ ಒಳಗೆ ಏನು ನಡೆಯುತ್ತದೆ ಅನ್ನೋದು ಗೊತ್ತಾದರೆ, ಎಲ್ಲಿ ನಂಬಬಹುದು, ಎಲ್ಲಿ ನಂಬಬಾರದು ಅನ್ನೋದೂ ತಾನಾಗಿ ಗೊತ್ತಾಗುತ್ತದೆ. ಅದನ್ನು ಹೇಳೋಕೆ ಇವತ್ತು ಬಂದಿದ್ದೇನೆ.

ಇಂಥ ಟೂಲ್‌ಗಳ ಜಾಹೀರಾತಿನಲ್ಲಿ, ಸುದ್ದಿಯಲ್ಲಿ ಮಲ್ಟಿಮೋಡಲ್ ಅನ್ನೋ ಪದ ಕಾಣುತ್ತದೆ. ಬರಹ ಒಂದು ಬಗೆಯ ಮಾಹಿತಿ. ಚಿತ್ರ ಇನ್ನೊಂದು ಬಗೆ, ಧ್ವನಿ ಮತ್ತೊಂದು, ವಿಡಿಯೊ ಮಗದೊಂದು. ಇಂಥ ಟೂಲ್‌ನ ಒಳಗೆ ಕೂತು ಉತ್ತರ ಲೆಕ್ಕ ಹಾಕುವ, ರಾಶಿ ಉದಾಹರಣೆಗಳಿಂದ ಕಲಿತ ಪ್ರೋಗ್ರಾಮಿಗೆ ಮಾಡೆಲ್ ಅನ್ನುತ್ತಾರೆ. ಒಂದಕ್ಕಿಂತ ಹೆಚ್ಚು ಬಗೆಯ ಮಾಹಿತಿಯನ್ನು ಒಟ್ಟಿಗೆ ನಿಭಾಯಿಸುವ ಮಾಡೆಲ್‌ಗೆ ಮಲ್ಟಿಮೋಡಲ್ ಅನ್ನುತ್ತಾರೆ. ಅಷ್ಟೇ. ಆದರೆ "ಒಟ್ಟಿಗೆ" ಅಂದೆನಲ್ಲ, ವಿಷಯವೆಲ್ಲ ಅದರಲ್ಲೇ ಇದೆ.

ಯಾಕೆಂದರೆ ಫೋಟೊದಿಂದ ಅಕ್ಷರ ಓದುವ ಸಾಫ್ಟ್‌ವೇರ್ ಹೊಸದೇನಲ್ಲ. ಓಸಿಆರ್ ಅನ್ನುವುದು ಎಷ್ಟೋ ವರ್ಷದಿಂದ ಇದೆ. ಅದು ಚಿತ್ರದಲ್ಲಿ ಅಕ್ಷರ ಎಲ್ಲಿದೆ ಅಂತ ಹುಡುಕಿ, ಒಂದೊಂದಾಗಿ ಗುರುತಿಸಿ, ಟೈಪ್ ಮಾಡಿದ ಬರಹ ಕೊಡುತ್ತದೆ. ಆ ಬರಹವನ್ನು ಒಂದು ಭಾಷಾ ಮಾಡೆಲ್‌ಗೆ, ಅಂದರೆ ಬರಹ ಮಾತ್ರ ಓದಿ ಬರೆಯುವ ಮಾಡೆಲ್‌ಗೆ ಕೊಟ್ಟರೆ, ಫೋಟೊ ಓದಿ ಉತ್ತರ ಹೇಳಿದ ಹಾಗೇ ಕಾಣುತ್ತದೆ. ಆದರೆ ಇಲ್ಲಿ ಮಾಡೆಲ್ ಫೋಟೊವನ್ನು ನೋಡೇ ಇಲ್ಲ. ಬರಹ ಮಾತ್ರ ಅದರ ಕೈಗೆ ಸಿಕ್ಕಿದ್ದು. ಚೀಟಿಯಲ್ಲಿ ಒಂದು ಅಂಕಿ ಹೊಡೆದು ಹಾಕಿ, ಮೇಲೆ ಇನ್ನೊಂದು ಬರೆದಿದ್ದರೆ, ಓಸಿಆರ್ ಎರಡನ್ನೂ ಅಕ್ಕಪಕ್ಕ ಟೈಪ್ ಮಾಡಿ ಕೊಟ್ಟುಬಿಡಬಹುದು. ಹೊಡೆದು ಹಾಕಿದ ಗೆರೆ ದಾರಿಯಲ್ಲೇ ಕಳೆದುಹೋಯಿತು. ಯಾವುದು ಹಳೇದು, ಯಾವುದು ತಿದ್ದಿದ್ದು ಅಂತ ಹಿಂದೆ ಕೂತಿರುವ ಮಾಡೆಲ್‌ಗೆ ಗೊತ್ತಾಗುವ ದಾರಿಯೇ ಇಲ್ಲ.

ಈಗಿನ ಮಲ್ಟಿಮೋಡಲ್ ಮಾಡೆಲ್ ಹಾಗಲ್ಲ. ಅಲ್ಲಿ ಚಿತ್ರವನ್ನು ಮೊದಲು ಬರಹ ಮಾಡುವುದಿಲ್ಲ. ಚಿತ್ರದ ತುಂಡುಗಳೂ ನಿಮ್ಮ ಪ್ರಶ್ನೆಯ ಪದಗಳೂ ಒಂದೇ ಸಾಲಿನಲ್ಲಿ ಒಂದರ ಹಿಂದೆ ಒಂದು ನಿಲ್ಲುತ್ತವೆ. ಹೇಗೆ ಅಂತ ನೋಡೋಣ.

2020ರಲ್ಲಿ ಗೂಗಲ್‌ನ ಸಂಶೋಧಕರು ವಿಷನ್ ಟ್ರಾನ್ಸ್‌ಫಾರ್ಮರ್ ಅನ್ನುವ ವಿಧಾನ ಪ್ರಕಟಿಸಿದರು. ಅದರಲ್ಲಿ ಚಿತ್ರವನ್ನು ಚೌಕ ಚೌಕವಾಗಿ ಕತ್ತರಿಸುತ್ತಾರೆ. ಚಿತ್ರ ಅಡ್ಡಕ್ಕೆ 224 ಪಿಕ್ಸೆಲ್, ಉದ್ದಕ್ಕೆ 224 ಪಿಕ್ಸೆಲ್ ಇದೆ ಅಂದುಕೊಳ್ಳಿ. ಒಂದೊಂದು ತುಂಡು 16ಕ್ಕೆ 16 ಪಿಕ್ಸೆಲ್. ಅಂದರೆ ಅಡ್ಡಕ್ಕೆ 14 ತುಂಡು, ಉದ್ದಕ್ಕೆ 14 ತುಂಡು, ಒಟ್ಟು 196. ಒಂದು ತುಂಡಿನಲ್ಲಿ 256 ಪಿಕ್ಸೆಲ್. ಒಂದೊಂದು ಪಿಕ್ಸೆಲ್‌ಗೂ ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಅಂತ ಮೂರು ಅಂಕಿ. ಹಾಗಾಗಿ ಒಂದು ತುಂಡು ಅಂದರೆ 768 ಅಂಕಿಗಳ ಪಟ್ಟಿ. ಆ ತುಂಡು ಚಿತ್ರದಲ್ಲಿ ಎಲ್ಲಿತ್ತು ಅನ್ನೋದನ್ನೂ ಅಂಕಿಯ ರೂಪದಲ್ಲೇ ಸೇರಿಸುತ್ತಾರೆ. ಇಲ್ಲದಿದ್ದರೆ ಮೂಗು ಹಣೆಯ ಮೇಲಿದ್ದರೂ ಮುಖವೇ ಅನ್ನಿಸಿಬಿಡುತ್ತದೆ, ಅಲ್ವಾ?

ಇನ್ನು ಬರಹದ ಕಡೆ. ಭಾಷಾ ಮಾಡೆಲ್ ಪದಗಳನ್ನು ನಮ್ಮ ಹಾಗೆ ಅಕ್ಷರವಾಗಿ ಇಟ್ಟುಕೊಳ್ಳುವುದಿಲ್ಲ. ಪದವನ್ನೋ ಪದದ ಚೂರನ್ನೋ ಟೋಕನ್ ಅನ್ನುತ್ತಾರೆ. ಪ್ರತಿ ಟೋಕನ್‌ಗೂ ಒಂದು ಉದ್ದನೆಯ ಅಂಕಿಗಳ ಪಟ್ಟಿ ಇರುತ್ತದೆ. ಈ ಪಟ್ಟಿ ಏನು ಹೇಳುತ್ತದೆ? ನಮ್ಮ ಜಿಲ್ಲೆಯದೇ ಒಂದು ಹೋಲಿಕೆ ಕೊಡುತ್ತೇನೆ. ಅಕ್ಷಾಂಶ ರೇಖಾಂಶದಲ್ಲಿ ಹಾಸನ ಸುಮಾರು 13.0, 76.1. ಬೇಲೂರು ಸುಮಾರು 13.2, 75.9. ಬಳ್ಳಾರಿ 15.1, 76.9. ಮ್ಯಾಪ್ ನೋಡದೇ ಇದ್ದರೂ, ಬರೀ ಈ ಅಂಕಿ ನೋಡಿಯೇ ಹಾಸನಕ್ಕೆ ಬೇಲೂರು ಹತ್ತಿರ, ಬಳ್ಳಾರಿ ದೂರ ಅಂತ ಹೇಳಬಹುದು. ಎರಡು ಅಂಕಿ ಊರಿನ ಜಾಗ ಹೇಳುತ್ತವೆ. ಮಾಡೆಲ್‌ನೊಳಗೆ ಒಂದು ಪದಕ್ಕೆ ಸಾವಿರಾರು ಅಂಕಿ ಇರುತ್ತವೆ, ಅವು ಅರ್ಥದ ಜಾಗ ಹೇಳುತ್ತವೆ. "ಹಸು" ಮತ್ತು "ಎಮ್ಮೆ" ಹತ್ತಿರ ಹತ್ತಿರ. "ಹಸು" ಮತ್ತು "ಬಡ್ಡಿ" ದೂರ.

ಈಗ ಪ್ರಶ್ನೆ ಇದು. ಹಸುವಿನ ಫೋಟೊದ ಅಂಕಿಗಳೂ "ಹಸು" ಅನ್ನುವ ಪದದ ಅಂಕಿಗಳೂ ಒಂದೇ ಕಡೆ ಬರುವುದು ಹೇಗೆ? ಸುಮ್ನೆ ಕತ್ತರಿಸಿದ ತುಂಡಿನಲ್ಲಿ ಇರುವುದು ಬಣ್ಣದ ಲೆಕ್ಕ ಮಾತ್ರ. ಅದರಲ್ಲಿ ಹಸು ಅನ್ನೋ ಸುಳಿವೇ ಇಲ್ಲ.

ಇದಕ್ಕೆ ದಾರಿ ತೋರಿಸಿದ್ದು 2021ರ ಜನವರಿಯಲ್ಲಿ, ಚಾಟ್‌ಜಿಪಿಟಿ ಮಾಡಿದ ಕಂಪನಿ ಓಪನ್‌ಎಐ ಪ್ರಕಟಿಸಿದ ಕ್ಲಿಪ್ ಅನ್ನುವ ಮಾಡೆಲ್. ಅವರು ಇಂಟರ್‌ನೆಟ್ಟಿನಿಂದ 40 ಕೋಟಿ ಜೋಡಿ ಸೇರಿಸಿದರು. ಒಂದೊಂದು ಜೋಡಿಯಲ್ಲಿ ಒಂದು ಚಿತ್ರ, ಅದರ ಜೊತೆಗಿದ್ದ ಒಂದು ಸಾಲು ಬರಹ. ಚಿತ್ರಕ್ಕೆ ಒಂದು ಮಾಡೆಲ್, ಬರಹಕ್ಕೆ ಒಂದು ಮಾಡೆಲ್. ಎರಡೂ ಅಂಕಿಗಳ ಪಟ್ಟಿ ಕೊಡುತ್ತವೆ. ಒಂದಷ್ಟು ಜೋಡಿಗಳನ್ನು ಒಟ್ಟಿಗೆ ತೆಗೆದುಕೊಂಡು, ಯಾವ ಚಿತ್ರಕ್ಕೆ ಯಾವ ಸಾಲು ಅಂತ ಹೊಂದಿಸಲು ಬಿಡುತ್ತಾರೆ. ಸರಿಯಾದ ಜೋಡಿಯ ಅಂಕಿಗಳು ಹತ್ತಿರ ಬರಬೇಕು, ತಪ್ಪು ಜೋಡಿಯವು ದೂರ ಹೋಗಬೇಕು. ಪ್ರತಿ ಸಲವೂ ಎಷ್ಟು ತಪ್ಪಿತು ಅಂತ ಲೆಕ್ಕ ಹಾಕಿ, ಎರಡೂ ಮಾಡೆಲ್‌ಗಳ ಒಳಗಿನ ಅಂಕಿಗಳನ್ನು ಚೂರು ಚೂರೇ ತಿದ್ದುತ್ತಾರೆ. "ಇದು ಹಸುವಿನ ಕೊಂಬು" ಅಂತ ಯಾರೂ ಬೆರಳಿಟ್ಟು ತೋರಿಸುವುದಿಲ್ಲ. ಲಕ್ಷಾಂತರ ಹಸುವಿನ ಚಿತ್ರದ ಪಕ್ಕದಲ್ಲಿ ಹಸು ಅನ್ನುವ ಅರ್ಥದ ಪದ ಇದ್ದದ್ದರಿಂದ, ಎರಡೂ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ.

ಈ ಜಾಗ ನಿಜವಾಗಿಯೂ ಒಂದೇನಾ ಅನ್ನೋದಕ್ಕೆ ಒಂದು ಚಂದದ ಸಾಕ್ಷಿ ಇದೆ. ಅದೇ ವರ್ಷ ಮಾರ್ಚಿನಲ್ಲಿ ಓಪನ್‌ಎಐನವರೇ ತೋರಿಸಿದ್ದು. ಒಂದು ಸೇಬು ಇಟ್ಟು ಫೋಟೊ ತೆಗೆದರು. ಕ್ಲಿಪ್ ಸೇಬು ಅಂತಲೇ ಹೇಳಿತು. ಆಮೇಲೆ ಒಂದು ಚೀಟಿಯಲ್ಲಿ ಕೈಯಲ್ಲೇ "ಐಪಾಡ್" ಅಂತ ಇಂಗ್ಲಿಷಿನಲ್ಲಿ ಬರೆದು, ಅದೇ ಸೇಬಿನ ಮೇಲೆ ಅಂಟಿಸಿದರು. ಈಗ ಕ್ಲಿಪ್ ಅದನ್ನು ಐಪಾಡ್ ಅಂದಿತು. ಸೇಬು ಕಣ್ಣಮುಂದೆ ಇದೆ, ಆದರೆ ಅದರ ಮೇಲಿರುವ ಬರಹ ಗೆದ್ದಿತು. ಒಂದು ವಸ್ತುವಿನ ರೂಪ ಮತ್ತು ಅದರ ಹೆಸರಿನ ಅಕ್ಷರ, ಎರಡೂ ಅದಕ್ಕೆ ಒಂದೇ ಕಡೆ ಕೈ ತೋರಿಸುತ್ತವೆ. ನನಗೆ ಇಡೀ ವಿಷಯ ಮನಸ್ಸಿಗೆ ಹತ್ತಿದ್ದು ಈ ಸೇಬಿನಿಂದ. ಇದರ ಶಕ್ತಿಯೂ ದೋಷವೂ ಒಂದೇ ಗುಣದಿಂದ ಬಂದಿವೆ.

ಆದರೆ ಕ್ಲಿಪ್‌ಗೆ ಮಾತಾಡಲು ಬರುವುದಿಲ್ಲ. ಕೊಟ್ಟ ಚಿತ್ರಕ್ಕೂ ಕೊಟ್ಟ ಸಾಲಿಗೂ ಎಷ್ಟು ಹೊಂದಿಕೆ ಅಂತ ಮಾತ್ರ ಹೇಳುತ್ತದೆ. ಅದನ್ನು ಮಾತಾಡುವ ಮಾಡೆಲ್‌ಗೆ ಜೋಡಿಸುವುದು ಮುಂದಿನ ಹೆಜ್ಜೆ. ಕಂಪನಿಗಳು ತಮ್ಮ ಮಾಡೆಲ್‌ಗಳ ಒಳಗುಟ್ಟನ್ನೆಲ್ಲ ಹೇಳುವುದಿಲ್ಲ. ಆದರೆ 2023ರಲ್ಲಿ ಬಂದ ಲಾವಾ ಅನ್ನುವ ಮಾಡೆಲ್‌ನ ಒಳಗನ್ನು ಅದನ್ನು ಮಾಡಿದ ಸಂಶೋಧಕರು ಪೂರ್ತಿ ಬಿಚ್ಚಿಟ್ಟಿದ್ದಾರೆ. ಅದರ ಎರಡನೇ ಆವೃತ್ತಿಯಲ್ಲಿ ಕ್ಲಿಪ್‌ನ ಚಿತ್ರ ನೋಡುವ ಭಾಗವನ್ನೇ ತೆಗೆದುಕೊಂಡರು. ಚಿತ್ರ 336ಕ್ಕೆ 336 ಪಿಕ್ಸೆಲ್. ತುಂಡು 14ಕ್ಕೆ 14. ಹಾಗಾಗಿ 24 ಸಾಲು, ಸಾಲಿಗೆ 24 ತುಂಡು, ಒಟ್ಟು 576. ಒಂದೊಂದು ತುಂಡಿಗೂ ಕ್ಲಿಪ್ 1024 ಅಂಕಿಗಳ ಪಟ್ಟಿ ಕೊಡುತ್ತದೆ. ಆದರೆ ಮಾತಾಡುವ ಮಾಡೆಲ್‌ನಲ್ಲಿ, ಅದರ ಚಿಕ್ಕ ಆವೃತ್ತಿಯಲ್ಲೂ, ಒಂದು ಪದಕ್ಕೆ 4096 ಅಂಕಿ. ಅಳತೆಯೇ ಬೇರೆ. ಹಾಗಾಗಿ ನಡುವೆ ಇನ್ನೊಂದು ಸಣ್ಣ ಮಾಡೆಲ್ ಹಾಕಿದರು. 1024 ಅಂಕಿಯ ಪಟ್ಟಿಯನ್ನು 4096 ಅಂಕಿಯ ಪಟ್ಟಿಯಾಗಿ ಬದಲಿಸುವುದು ಅದರ ಕೆಲಸ. ಎರಡೂ ಕಡೆಯ ದೊಡ್ಡ ಮಾಡೆಲ್‌ಗಳು ಮೊದಲೇ ಕಲಿತು ಬಂದಿದ್ದರಿಂದ, ಅವನ್ನು ಹೊಂದಿಸುವ ಕಲಿಕೆ, ಭಾರಿ ಲೆಕ್ಕವನ್ನು ಬೇಗ ಮಾಡುವ ಜಿಪಿಯು ಅನ್ನುವ ಚಿಪ್ 8 ಇರುವ ಒಂದು ಯಂತ್ರದಲ್ಲಿ ಸುಮಾರು ಒಂದು ದಿನದಲ್ಲಿ ಮುಗಿಯಿತು.

ಈಗ ಸಾಲು ನೋಡಿ. ಮೊದಲು ಚಿತ್ರದ 576 ಪಟ್ಟಿಗಳು. ಅವುಗಳ ಹಿಂದೆ ನಿಮ್ಮ ಪ್ರಶ್ನೆಯ ಪದಗಳ ಪಟ್ಟಿಗಳು. ಮಾಡೆಲ್‌ಗೆ ಎಲ್ಲವೂ ಒಂದೇ ಉದ್ದದ ಅಂಕಿಗಳ ಪಟ್ಟಿ. ಅದು ಉತ್ತರದ ಒಂದೊಂದು ಚೂರನ್ನು ಬರೆಯುವಾಗಲೂ ಹಿಂದಿರುವ ಇಡೀ ಸಾಲನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಚಿತ್ರದ ತುಂಡು, ನಿಮ್ಮ ಪ್ರಶ್ನೆ, ತಾನೇ ಈಗಷ್ಟೇ ಬರೆದ ಪದ, ಎಲ್ಲವನ್ನೂ. "ಒಟ್ಟಿಗೆ" ಅಂತ ನಾನು ಹೇಳಿದ್ದು ಇದನ್ನೇ. ಹೊಡೆದು ಹಾಕಿದ ಗೆರೆಯೂ ಈಗ ಸಾಲಿನಲ್ಲಿದೆ.

ಇಷ್ಟು ಹೇಳುವಾಗ ಸಕಲೇಶಪುರದ ಕಡೆಯಿಂದ ಬಂದಿದ್ದ ಕಾಫಿ ಬೆಳೆಗಾರರೊಬ್ಬರು ಎದ್ದರು.

"ಸಾರ್, ಎಲ್ಲಾ ಸಾಲಿನಲ್ಲಿದೆ ಅಂತೀರಿ. ಮತ್ತೆ ನಮ್ಮ ತೂಕದ ಚೀಟಿ ಫೋಟೊ ಹಾಕಿದ್ರೆ ಯಾಕೆ ಅಂಕಿ ತಪ್ಪು ಹೇಳುತ್ತೆ?"

ತುಂಬಾ ಸರಿಯಾದ ಪ್ರಶ್ನೆ. ಇದನ್ನೇ ಬಿಡಿಸಿ ನೋಡೋಣ. ಒಂದು ಚೀಟಿ ಕಲ್ಪಿಸಿಕೊಳ್ಳಿ. ರೋಬಸ್ಟಾ ಚೆರಿ, 24 ಮೂಟೆ. ಒಂದೊಂದು ಮೂಟೆಯ ತೂಕ ಒಂದರ ಕೆಳಗೆ ಒಂದು ಬರೆದಿದೆ. ಕೆಳಗೆ ಒಟ್ಟು 1186.5 ಕೆಜಿ. ಪಕ್ಕದಲ್ಲಿ ಮಾಯಿಶ್ಚರ್ 11.5. ಚೀಟಿಯನ್ನು ಮೇಜಿನ ಮೇಲಿಟ್ಟು, ನಿಂತುಕೊಂಡೇ ಫೋಟೊ ತೆಗೆದಿದ್ದೀರಿ. ಫೋಟೊ 4000ಕ್ಕೆ 3000 ಪಿಕ್ಸೆಲ್, ಅಂದರೆ 12 ಮೆಗಾಪಿಕ್ಸೆಲ್. ಅದರಲ್ಲಿ ಮೇಜೂ ಇದೆ, ಕಾಫಿ ಲೋಟವೂ ಇದೆ. ಫೋಟೊದಲ್ಲಿ ಒಂದು ಅಂಕಿಯ ಎತ್ತರ 36 ಪಿಕ್ಸೆಲ್, ದಶಮಾಂಶದ ಚುಕ್ಕಿ 6 ಪಿಕ್ಸೆಲ್ ಬಂದಿದೆ ಅಂದುಕೊಳ್ಳೋಣ. ನಿಮ್ಮ ಫೋನಿನಲ್ಲಿ ದೊಡ್ಡದು ಮಾಡಿ ನೋಡಿದರೆ ಎಲ್ಲಾ ಚೆನ್ನಾಗಿಯೇ ಕಾಣುತ್ತದೆ.

ಮಾಡೆಲ್ ನೋಡುವುದು ಈ ಫೋಟೊವನ್ನಲ್ಲ. ಲಾವಾದಲ್ಲಿ ಆಗಿದ್ದರೆ ಇಡೀ ಫೋಟೊವನ್ನು 336 ಪಿಕ್ಸೆಲ್‌ಗೆ ಕುಗ್ಗಿಸಬೇಕು. ಸುಮಾರು 12ರಲ್ಲಿ ಒಂದು ಪಾಲು. 36 ಪಿಕ್ಸೆಲ್ ಎತ್ತರದ ಅಂಕಿ 3 ಪಿಕ್ಸೆಲ್ ಆಯಿತು. ಮೂರೇ ಚುಕ್ಕೆಯ ಎತ್ತರದಲ್ಲಿ 8 ಯಾವುದು, 3 ಯಾವುದು, 6 ಯಾವುದು ಅಂತ ಯಾರು ತಾನೇ ಹೇಳೋಕಾಗುತ್ತೆ? ದಶಮಾಂಶದ ಚುಕ್ಕಿ ಅರ್ಧ ಪಿಕ್ಸೆಲ್. ಅಂದರೆ ಅಕ್ಕಪಕ್ಕದ ಕಾಗದದ ಬಿಳಿಯ ಜೊತೆ ಸೇರಿಹೋಯಿತು.

ದೊಡ್ಡ ಟೂಲ್‌ಗಳು ಇಷ್ಟು ಕುಗ್ಗಿಸುವುದಿಲ್ಲ. ಕೆಲವು ಟೂಲ್‌ಗಳು ಚಿತ್ರವನ್ನು ಹಲವು ಭಾಗ ಮಾಡಿ, ಒಂದೊಂದು ಭಾಗವನ್ನೂ ಬೇರೆಯಾಗಿ ನೋಡುತ್ತವೆ. ಜೊತೆಗೆ ಇಡೀ ಚಿತ್ರದ ಒಂದು ಚಿಕ್ಕ ನಕಲನ್ನೂ ನೋಡುತ್ತವೆ. ಓಪನ್‌ಎಐ 2023ರಲ್ಲಿ ತನ್ನ ಚಿತ್ರ ಓದುವ ಜಿಪಿಟಿ-4ಕ್ಕೆ ಈ ಲೆಕ್ಕವನ್ನು ಬಹಿರಂಗವಾಗಿ ಕೊಟ್ಟಿತ್ತು. ಮೊದಲು ಚಿತ್ರವನ್ನು 2048 ಪಿಕ್ಸೆಲ್‌ನ ಚೌಕದೊಳಗೆ ಹಿಡಿಸುವಷ್ಟು ಕುಗ್ಗಿಸುತ್ತಾರೆ. ಆಮೇಲೆ ಗಿಡ್ಡ ಬದಿ 768 ಪಿಕ್ಸೆಲ್ ಆಗುವಂತೆ ಇನ್ನೊಮ್ಮೆ ಕುಗ್ಗಿಸುತ್ತಾರೆ. ನಂತರ 512 ಪಿಕ್ಸೆಲ್‌ನ ಚೌಕಗಳಾಗಿ ಭಾಗ ಮಾಡುತ್ತಾರೆ. ಒಂದು ಚೌಕಕ್ಕೆ 170 ಟೋಕನ್, ಇಡೀ ಚಿತ್ರದ ನಕಲಿಗೆ 85 ಟೋಕನ್.

ನಮ್ಮ ಚೀಟಿಗೆ ಇದನ್ನೇ ಹಚ್ಚಿ ನೋಡಿ. 4000ಕ್ಕೆ 3000 ಇದ್ದದ್ದು 2048ಕ್ಕೆ 1536 ಆಯಿತು. ಮತ್ತೆ ಕುಗ್ಗಿ 1024ಕ್ಕೆ 768. ಅದರಲ್ಲಿ 512ರ ಚೌಕ ನಾಲ್ಕು. ನಾಲ್ಕು ಸಲ 170, ಜೊತೆಗೆ 85, ಒಟ್ಟು 765 ಟೋಕನ್. ಅಂಕಿಯ ಎತ್ತರ 36ರಿಂದ 9 ಪಿಕ್ಸೆಲ್‌ಗೆ ಬಂತು. 9 ಪಿಕ್ಸೆಲ್‌ನಲ್ಲಿ ಪ್ರಿಂಟಾದ ಅಂಕಿ ಬಹಳ ಸಲ ಓದಬಹುದು. ಬಾಲ್‌ಪೆನ್ನಿನಲ್ಲಿ ಗೀಚಿದ 8, ಮೇಲಿನ ಸುತ್ತು ಸರಿಯಾಗಿ ಕೂಡದೇ ಇದ್ದರೆ, 3 ಆಗಿ ಕಾಣಬಹುದು. ಚುಕ್ಕಿ ಒಂದೂವರೆ ಪಿಕ್ಸೆಲ್. ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು.

ಇದರಲ್ಲಿ ಯಾವ ತಪ್ಪು ಅಪಾಯದ್ದು ಗಮನಿಸಿ. ಚುಕ್ಕಿ ಬಿಟ್ಟುಹೋಗಿ 11865 ಅಂತ ಓದಿದರೆ ನೀವು ಒಂದೇ ನೋಟಕ್ಕೆ ಹಿಡಿಯುತ್ತೀರಿ. 24 ಮೂಟೆಗೆ ಹನ್ನೊಂದು ಸಾವಿರ ಕೆಜಿ ಎಲ್ಲಾದರೂ ಉಂಟಾ? ಆದರೆ 1186.5 ಅನ್ನು 1136.5 ಅಂತ ಓದಿದರೆ? ಅಂಕಿ ನಂಬುವ ಹಾಗೇ ಇದೆ. ವ್ಯತ್ಯಾಸ ಮಾತ್ರ 50 ಕೆಜಿ, ಒಂದಿಡೀ ಮೂಟೆ. ಕಣ್ಣಿಗೆ ಹೊಡೆಯದ ತಪ್ಪೇ ನಷ್ಟ ಮಾಡುವ ತಪ್ಪು.

ಪರಿಹಾರ ಈ ಲೆಕ್ಕದೊಳಗೇ ಇದೆ. ಅದೇ ಫೋಟೊದಲ್ಲಿ ಅಂಕಿಗಳಿರುವ ಜಾಗವನ್ನಷ್ಟೇ ಕ್ರಾಪ್ ಮಾಡಿ. 1000ಕ್ಕೆ 750 ಪಿಕ್ಸೆಲ್‌ನ ಒಂದು ಭಾಗ ಸಿಕ್ಕಿತು ಅಂದುಕೊಳ್ಳಿ. ಅದು 2048ರ ಚೌಕದೊಳಗೇ ಇದೆ, ಗಿಡ್ಡ ಬದಿ 768ಕ್ಕಿಂತ ಕಮ್ಮಿಯೇ ಇದೆ. ಕುಗ್ಗಿಸುವ ಅಗತ್ಯವೇ ಬೀಳಲಿಲ್ಲ. ಟೋಕನ್ ಲೆಕ್ಕ ಮತ್ತೆ ಅದೇ 765. ಆದರೆ ಮೊದಲು ಅಷ್ಟು ಟೋಕನ್ ಮೇಜು, ಲೋಟ, ಚೀಟಿ ಎಲ್ಲದಕ್ಕೂ ಹಂಚಿಹೋಗಿತ್ತು. ಈಗ ಪೂರ್ತಿ ಅಂಕಿಗಳಿಗೇ ಸಿಕ್ಕಿತು. ಅಂಕಿಯ ಎತ್ತರ 36 ಪಿಕ್ಸೆಲ್ ಇದ್ದದ್ದು 36 ಆಗಿಯೇ ಉಳಿಯಿತು. ಬೇರೆ ಬೇರೆ ಟೂಲ್‌ಗಳಲ್ಲಿ, ಹೊಸ ಆವೃತ್ತಿಗಳಲ್ಲಿ ಈ ಅಂಕಿಗಳು ಬದಲಾಗುತ್ತವೆ, ಮಿತಿ ಮೇಲೆ ಹೋಗುತ್ತಿದೆ. ಆದರೂ ಕುಗ್ಗಿಸುವಿಕೆಗೆ ಎಲ್ಲೋ ಒಂದು ಕಡೆ ಮಿತಿ ಇದ್ದೇ ಇರುತ್ತದೆ. ಹಾಗಾಗಿ ಕ್ರಾಪ್ ಮಾಡುವುದು ಎಲ್ಲಾ ಕಡೆಯೂ ಉಪಯೋಗಕ್ಕೆ ಬರುತ್ತದೆ. ಇನ್ನೊಂದು ಮಾತು. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಬಂದ ಚಿತ್ರ ದಾರಿಯಲ್ಲೇ ಕುಗ್ಗಿ ಬಂದಿರುತ್ತದೆ. ಕ್ರಾಪ್ ಮಾಡುವುದಕ್ಕೂ ಅದರಲ್ಲಿ ಏನೂ ಉಳಿದಿರುವುದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಕೇಳಿ, ಮೂಲ ಗಾತ್ರದಲ್ಲೇ ಬರುತ್ತದೆ.

ಅಂಕಿ ಸರಿಯಾಗಿ ಕಾಣದೇ ಇದ್ದರೆ "ಕಾಣಲ್ಲ" ಅನ್ನಬಹುದಿತ್ತಲ್ಲ, ಯಾಕೆ ಸುಳ್ಳು ಅಂಕಿ ಹೇಳಬೇಕು? ಇದು ಮುಂದಿನ ಸಾಲಿನಲ್ಲಿ ಕೂತಿದ್ದ ಹೈಸ್ಕೂಲ್ ಮೇಡಂ ಒಬ್ಬರು ಕೇಳಿದ ಪ್ರಶ್ನೆ.

ಮೇಡಂ, ಮಾಡೆಲ್ ಉತ್ತರ ಬರೆಯುವಾಗ ಮುಂದಿನ ಚೂರು ಯಾವುದಿರಬಹುದು ಅಂತ ಲೆಕ್ಕ ಹಾಕುತ್ತದೆ. ಆ ಲೆಕ್ಕಕ್ಕೆ ಎರಡು ಕಡೆಯಿಂದ ಸುಳಿವು ಬರುತ್ತದೆ. ಒಂದು, ಚಿತ್ರದ ತುಂಡುಗಳಿಂದ. ಇನ್ನೊಂದು, ಅದು ಹಿಂದೆ ಓದಿರುವ ರಾಶಿ ರಾಶಿ ಬರಹದಿಂದ. ಚಿತ್ರದ ಸುಳಿವು ಗಟ್ಟಿಯಾಗಿದ್ದರೆ ಚಿತ್ರ ಗೆಲ್ಲುತ್ತದೆ. ಚಿತ್ರ ಮಸುಕಾಗಿದ್ದರೆ ಓದಿದ್ದು ಗೆಲ್ಲುತ್ತದೆ. ಎರಡರಲ್ಲಿ ಯಾವುದು ಗೆದ್ದಿತು ಅನ್ನೋದು ಉತ್ತರದ ವಾಕ್ಯದಲ್ಲಿ ಕಾಣುವುದಿಲ್ಲ. ಊಟದ ಮೇಜಿನ ಫೋಟೊ ಕೊಟ್ಟರೆ, ಕುರ್ಚಿ ಇಲ್ಲದಿದ್ದರೂ ಕುರ್ಚಿ ಇದೆ ಅನ್ನುವುದು ಇಂಥ ಮಾಡೆಲ್‌ಗಳಲ್ಲಿ ಸಂಶೋಧಕರು ಅಳೆದು ನೋಡಿರುವ ತಪ್ಪು. ಯಾಕೆಂದರೆ ಮೇಜಿನ ಜೊತೆ ಕುರ್ಚಿ ಬರುವುದೇ ಜಾಸ್ತಿ.

ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಬಹಳ ಒಳ್ಳೆಯ ಉದಾಹರಣೆ ಇದೆ. ಬೇಲೂರು ತಾಲೂಕಿನ ಹಲ್ಮಿಡಿ. ಆ ಶಾಸನ ಸುಮಾರು ಕ್ರಿ.ಶ. 450ರದ್ದು. 16 ಸಾಲು. ಡಾ. ಎಂ.ಎಚ್. ಕೃಷ್ಣ ಅವರು ಅದನ್ನು 1936ರಲ್ಲಿ ಬೆಳಕಿಗೆ ತಂದ ಮೇಲೆ, ಅದರ ಪಾಠ ಎಷ್ಟೋ ಕಡೆ ಅಚ್ಚಾಗಿದೆ, ಇಂಟರ್‌ನೆಟ್ಟಿನಲ್ಲೂ ಇದೆ. ಈಗ ಯಾರೋ ಅದರ ಫೋಟೊ ಹಾಕಿ "ಇದರಲ್ಲಿ ಏನು ಬರೆದಿದೆ" ಅಂತ ಕೇಳುತ್ತಾರೆ ಅಂದುಕೊಳ್ಳಿ. ಆ ಕಲ್ಲಿನ ಆಕಾರದ ಫೋಟೊ ಮಾಡೆಲ್ ಕಲಿತ ಚಿತ್ರಗಳಲ್ಲಿ ಇದ್ದಿರಬಹುದು, ಪಕ್ಕದಲ್ಲೇ "ಹಲ್ಮಿಡಿ ಶಾಸನ" ಅನ್ನುವ ಬರಹವೂ ಇದ್ದಿರಬಹುದು. ಕಲ್ಲು ಗುರುತಾದರೆ ಸಾಕು. ಒಂದು ಅಕ್ಷರವನ್ನೂ ಕಲ್ಲಿನಿಂದ ಓದದೆ, ತಾನು ಓದಿಕೊಂಡಿದ್ದನ್ನು ಒಪ್ಪಿಸಬಹುದು. ಕೇಳಿದವರು "ಅಬ್ಬಾ, ಹಳಗನ್ನಡದ ಲಿಪಿಯನ್ನೂ ಓದಿಬಿಡ್ತು" ಅಂದುಕೊಳ್ಳುತ್ತಾರೆ. ಅದೇ ಧೈರ್ಯದಲ್ಲಿ ಅವರು ತಮ್ಮೂರ ಕೆರೆ ಏರಿ ಮೇಲಿನ, ಯಾರೂ ಓದದ, ಪಾಚಿ ಹಿಡಿದ ವೀರಗಲ್ಲಿನ ಫೋಟೊ ಹಾಕಿದರೆ? ಅದರ ಪಾಠ ಎಲ್ಲೂ ಅಚ್ಚಾಗಿಲ್ಲ. ಆದರೆ ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಏನಿರುತ್ತದೆ ಅನ್ನೋದು ಮಾಡೆಲ್‌ಗೆ ಗೊತ್ತು. ತುರು ಕಾದು ಸತ್ತ ವೀರ, ಒಬ್ಬ ರಾಜನ ಹೆಸರು, ಒಂದು ಸಂವತ್ಸರ. ಅವನ್ನೆಲ್ಲ ಸೇರಿಸಿ ನಂಬುವಂಥ ಒಂದು ಪಾಠ ಬಂದುಬಿಡಬಹುದು. ಊರಿನ ಇತಿಹಾಸಕ್ಕೆ ಇದಕ್ಕಿಂತ ದೊಡ್ಡ ಅನ್ಯಾಯ ಇಲ್ಲ ಅಂತ ನನಗೆ ಅನ್ನಿಸುತ್ತದೆ. ಆ ಸುಳ್ಳು ಪಾಠ ಯಾವುದಾದರೂ ಸ್ಮರಣ ಸಂಚಿಕೆಯಲ್ಲಿ ಅಚ್ಚಾದರೆ, ನಾಳೆ ಅದೇ ಆಧಾರ ಆಗುತ್ತದೆ. ಕಲ್ಲನ್ನು ಓದಲು ಲಿಪಿ ಬಲ್ಲವರನ್ನೇ ಕರೆತನ್ನಿ.

ಓದಿದ್ದೋ, ನೆನಪಿನಿಂದ ಹೇಳಿದ್ದೋ ಅಂತ ಪರೀಕ್ಷಿಸಲು ಒಂದು ಸುಲಭ ದಾರಿ ಇದೆ. ಮುಚ್ಚಿ ನೋಡುವುದು. ಫೋಟೊ ಎಡಿಟ್ ಮಾಡುವಾಗ ಒಂದೆರಡು ಸಾಲಿನ ಮೇಲೆ ಪೂರ್ತಿ ಕಪ್ಪು ಬಳಿದು, ಹೊಸ ಚಾಟ್ ತೆರೆದು ಮತ್ತೆ ಕೇಳಿ. ಹೊಸ ಚಾಟ್ ಯಾಕೆ ಅಂದರೆ, ಹಳೇ ಚಾಟ್‌ನಲ್ಲಿ ಮೊದಲಿನ ಉತ್ತರವೂ ಸಾಲಿನಲ್ಲೇ ಇರುತ್ತದೆ, ಅದನ್ನೇ ನೋಡಿ ಹೇಳಬಹುದು. ಮುಚ್ಚಿದ ಸಾಲೂ ಉತ್ತರದಲ್ಲಿ ಬಂತು ಅಂದರೆ, ಅದು ಕಲ್ಲಿನಿಂದ ಬಂದದ್ದಲ್ಲ. ತೂಕದ ಚೀಟಿಗೂ ಇದನ್ನೇ ಮಾಡಬಹುದು. ಒಟ್ಟು ತೂಕ ಇರುವ ಜಾಗ ಮುಚ್ಚಿ, ಮೂಟೆಗಳ ತೂಕವನ್ನು ಮಾತ್ರ ಪಟ್ಟಿ ಮಾಡಿಕೊಡಲು ಹೇಳಿ. ಆ 24 ಅಂಕಿಗಳನ್ನು ನೀವೇ ಕ್ಯಾಲ್ಕುಲೇಟರಿನಲ್ಲಿ ಕೂಡಿ. ಚೀಟಿಯಲ್ಲಿರುವ 1186.5ಕ್ಕೆ ತಾಳೆಯಾದರೆ ಓದಿದ್ದು ಸರಿ ಅನ್ನಲು ಒಳ್ಳೆಯ ಆಧಾರ ಸಿಕ್ಕಿತು. ಒಟ್ಟು ಮೊತ್ತ ಕಣ್ಣಮುಂದೆ ಇದ್ದರೆ, ನಡುವಿನ ಯಾವುದೋ ಮಸುಕು ಅಂಕಿಯನ್ನು ಅದಕ್ಕೆ ಹೊಂದಿಸಿ ಹೇಳುವ ಸಾಧ್ಯತೆ ಇರುತ್ತದೆ. ಅದಕ್ಕೇ ಮುಚ್ಚುವುದು.

ಬೆಳೆಗಾರರು ಮತ್ತೆ ಕೇಳಿದರು. "ಎಲೆ ಫೋಟೊ ಹಾಕಿದ್ರೆ ರೋಗ ಹೇಳುತ್ತಲ್ಲ, ಅದನ್ನ ನಂಬಬಹುದಾ?"

ಅಲ್ಲಿ ಪಿಕ್ಸೆಲ್‌ಗಿಂತ ದೊಡ್ಡ ತೊಂದರೆ ಇದೆ. ಫೋಟೊದಲ್ಲಿ ಇಲ್ಲದ್ದು ಸಾಲಿನಲ್ಲೂ ಇರುವುದಿಲ್ಲ. ಕಾಫಿಯ ಎಲೆ ತುಕ್ಕು ರೋಗ ನಿಮಗೇ ಚೆನ್ನಾಗಿ ಗೊತ್ತು. ಎಲೆಯ ಮೇಲಿನಿಂದ ನೋಡಿದರೆ ಬರೀ ತಿಳಿ ಹಳದಿ ಮಚ್ಚೆ. ಕಿತ್ತಳೆ ಬಣ್ಣದ ಪುಡಿ ಇರುವುದು ಎಲೆಯ ಅಡಿಭಾಗದಲ್ಲಿ. ನೀವು ಮೇಲಿನ ಫೋಟೊ ಒಂದನ್ನೇ ಹಾಕಿದರೆ, ಹಳದಿ ಮಚ್ಚೆಗೆ ಇರುವ ಬೇರೆ ಕಾರಣಗಳಿಂದ ತುಕ್ಕನ್ನು ಬೇರೆ ಮಾಡುವ ಮುಖ್ಯ ಗುರುತೇ ಮಾಡೆಲ್‌ಗೆ ಸಿಕ್ಕಿಲ್ಲ. ಎಲೆ ತಿರುಗಿಸಿ ಅಡಿಭಾಗದ್ದೂ ಹಾಕಿ, ಯಾವ ತಳಿ, ಗಿಡದ ಮೇಲೋ ಕೆಳಗೋ ಯಾವ ಎಲೆಗೆ ಬಂದಿದೆ ಅಂತ ಮಾತಿನಲ್ಲೂ ಬರೆಯಿರಿ. ಚಿತ್ರವೂ ಮಾತೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ ಅಂದೆನಲ್ಲ, ಅದರ ನಿಜವಾದ ಲಾಭ ಇಲ್ಲಿದೆ. ಆದರೂ ಔಷಧಿ ಹೊಡೆಯುವ ನಿರ್ಧಾರಕ್ಕೆ ಫೋಟೊದ ಉತ್ತರ ಸಾಲದು. ಕಾಫಿ ಬೋರ್ಡಿನ ವಿಸ್ತರಣಾ ಅಧಿಕಾರಿಗಳಿಗೆ ತೋರಿಸಿ. ಪಕ್ಕದ ಜಿಲ್ಲೆಯ ಬಾಳೆಹೊನ್ನೂರಿನಲ್ಲಿ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯೇ ಇದೆ.

ಧ್ವನಿಯ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಲ್ಲೂ ಇದೇ ಎರಡು ದಾರಿ. ನಿಮ್ಮ ಮಾತನ್ನು ಮೊದಲು ಬರಹ ಮಾಡಿ, ಆ ಬರಹವನ್ನು ಮಾಡೆಲ್‌ಗೆ ಕೊಡುವುದು ಒಂದು. ಹಾಗೆ ಮಾಡಿದರೆ ನೀವು ಸಿಟ್ಟಿನಲ್ಲಿ "ಸರಿ" ಅಂದಿರೋ ಒಪ್ಪಿ "ಸರಿ" ಅಂದಿರೋ ಅನ್ನೋದು ಕಳೆದುಹೋಗುತ್ತದೆ. ಧ್ವನಿಯನ್ನೇ ಚೂರು ಚೂರು ಮಾಡಿ ಅಂಕಿಗಳಾಗಿ ಸಾಲಿನಲ್ಲಿ ನಿಲ್ಲಿಸುವುದು ಇನ್ನೊಂದು. 2024ರ ಮೇ ತಿಂಗಳಲ್ಲಿ ಬಂದ ಜಿಪಿಟಿ-4ಒ ಈ ಎರಡನೇ ಬಗೆಯದು. ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸೋಣ. ಮಲ್ಟಿಮೋಡಲ್ ಅಂದ ಮಾತ್ರಕ್ಕೆ ಚಿತ್ರ ಬಿಡಿಸಲೂ ಬರುತ್ತದೆ ಅಂತಲ್ಲ. ಲಾವಾ ಚಿತ್ರ ನೋಡುತ್ತದೆ, ಉತ್ತರ ಬರಹದಲ್ಲಿ ಮಾತ್ರ ಕೊಡುತ್ತದೆ. ಯಾವುದಾದರೂ ಟೂಲ್ ಮಲ್ಟಿಮೋಡಲ್ ಅಂದರೆ, ಒಳಗೆ ಯಾವುದನ್ನು ತೆಗೆದುಕೊಳ್ಳುತ್ತದೆ, ಹೊರಗೆ ಯಾವುದನ್ನು ಕೊಡುತ್ತದೆ ಅಂತ ಎರಡು ಬೇರೆ ಪ್ರಶ್ನೆ ಕೇಳಬೇಕು.

ಕೊನೆಗೆ ಮೇಡಂ ಇನ್ನೊಂದು ಕೇಳಿದರು. "ನಮ್ಮ ಮಕ್ಕಳ ಕನ್ನಡ ಕೈಬರಹ ಓದುತ್ತಾ?"

ಓದುತ್ತದೆ, ಆದರೆ ಇಂಗ್ಲಿಷಿನಷ್ಟು ನೆಚ್ಚಿಕೊಳ್ಳಬೇಡಿ. ಕಲಿತ ಜೋಡಿಗಳಲ್ಲಿ ಕನ್ನಡದ್ದು ಕಮ್ಮಿ. ಅದರ ಜೊತೆ ನಮ್ಮ ಅಕ್ಷರಗಳ ಗುಣವೂ ಸೇರುತ್ತದೆ. ದ ಮತ್ತು ಧ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಗೀರು. ದ ಮತ್ತು ಥ ನಡುವೆ ಹೊಟ್ಟೆಯೊಳಗಿನ ಒಂದು ಚುಕ್ಕಿ. ಒತ್ತಕ್ಷರಗಳೋ, ಸಾಲಿನ ಕೆಳಗೆ ಇನ್ನೂ ಚಿಕ್ಕದಾಗಿ ಕೂತಿರುತ್ತವೆ. ಫೋಟೊ ಕುಗ್ಗಿದಾಗ ಮೊದಲು ಮಾಯವಾಗುವುದು ಇವೇ. ಮಾಮೂಲಿ ವಾಕ್ಯದಲ್ಲಿ ಇದು ಅಷ್ಟು ತೊಂದರೆ ಕೊಡುವುದಿಲ್ಲ. "ವಿದ್ಯಾರ್ಥಿ" ಪದದ ಒತ್ತು ಮಸುಕಾಗಿದ್ದರೂ ಓದಿದ ನೆನಪಿನಿಂದ ಸರಿಯಾಗಿಯೇ ತುಂಬಿಕೊಳ್ಳುತ್ತದೆ. ತೊಂದರೆ ಬರುವುದು ಎರಡು ಕಡೆ. ಒಂದು, ಜನರ ಮತ್ತು ಊರಿನ ಹೆಸರು. ಅಲ್ಲಿ ತುಂಬಿಕೊಳ್ಳಲು ನೆನಪು ಸಾಲದು, ಹತ್ತಿರದ ಪರಿಚಿತ ಹೆಸರನ್ನು ತಂದು ಕೂರಿಸುತ್ತದೆ. ಇನ್ನೊಂದು, ನಿಮ್ಮ ಕೆಲಸದಲ್ಲೇ, ಮೇಡಂ. ಮಗು "ವಿದ್ಯಾರ್ತಿ" ಅಂತ ತಪ್ಪು ಬರೆದಿದ್ದರೆ, ಮಾಡೆಲ್ ಅದನ್ನು "ವಿದ್ಯಾರ್ಥಿ" ಅಂತಲೇ ಓದಿ ಕೊಡಬಹುದು. ಕಾಗುಣಿತದ ತಪ್ಪು ಹುಡುಕಲು ಕೊಟ್ಟ ಹಾಳೆಯಲ್ಲಿ ತಪ್ಪೇ ಇಲ್ಲ ಅನ್ನಿಸಿಬಿಡುತ್ತದೆ. ಆ ಕೆಲಸಕ್ಕೆ ಹಾಳೆಯನ್ನು ನೀವೇ ಓದಬೇಕು. ಬೇರೆ ಕೆಲಸಕ್ಕೆ ಕೊಡುವುದಾದರೆ ಒಂದು ಸಲಕ್ಕೆ ನಾಲ್ಕೈದು ಸಾಲು ಕ್ರಾಪ್ ಮಾಡಿ ಕೊಡಿ. "ಇದ್ದ ಹಾಗೇ ಬರೆ, ತಿದ್ದಬೇಡ, ಕಾಣದ ಕಡೆ ಪ್ರಶ್ನೆ ಚಿಹ್ನೆ ಹಾಕು" ಅಂತ ಸೇರಿಸಿ. ಹಾಗೆ ಹೇಳಿದಾಗಲೂ ಕೆಲವು ಕಡೆ ತಿದ್ದಿರುತ್ತದೆ. ಹಾಗಾಗಿ ಮೊದಲು ಹೆಸರುಗಳನ್ನು, ಅಂಕಿಗಳನ್ನು ಹಾಳೆ ಪಕ್ಕದಲ್ಲಿಟ್ಟುಕೊಂಡು ತಾಳೆ ನೋಡಿ.